ಪಟ್ಟಿಯಲ್ಲಿಲ್ಲದ ಇಪ್ಪತ್ತೆರಡು

ಹನೂರಿನ ನಮ್ಮ ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರಿಗೆ ಲಕ್ವ ಹೊಡೆದು ಬಲಗೈ ಹೋಯಿತು, ಮಾತೂ ಹೋಯಿತು. ಓದಿದ್ದು ಅರ್ಥವಾಗುತ್ತಿತ್ತು. ಬಾಯಿಂದ ಮಾತ್ರ ‘ಇಲ್ಲ’ ಎಂಬುದೊಂದೇ ಬರುತ್ತಿತ್ತು. ಹಸಿವಾದರೂ ‘ಇಲ್ಲ’, ಖುಷಿಯಾದರೂ ‘ಇಲ್ಲ’. ಎಡಗೈಗೆ ಪೆನ್ನು ಕೊಟ್ಟರೆ ಅಂಕಿ ಮೂಡುತ್ತಿತ್ತು, ಪದ ಮೂಡುತ್ತಿರಲಿಲ್ಲ.

“ಉತ್ತರಪತ್ರಿಕೆ ಕಂಡ್ರೆ ಕಣ್ಣೀರು ಆಕ್ತಾರೆ ಕಣವ್ವ. ಏನಾರ ಮಾಡು,” ಎಂದರು ಅವರ ಹೆಂಡತಿ.

ಪಕ್ಕದ ತರಗತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನಾನು ಮಕ್ಕಳ ಹಳೇ ಉತ್ತರಪತ್ರಿಕೆಗಳನ್ನು ತರಿಸಿಕೊಂಡೆ. ಅವರು ಕೆಂಪು ಶಾಯಿಯಲ್ಲಿ ಮತ್ತೆ ಮತ್ತೆ ಬರೆಯುತ್ತಿದ್ದ ಮಾತುಗಳನ್ನು ಹೆಕ್ಕಿ ನಂಬರು ಹಾಕಿದೆ. ‘ಕಾರಣ ಹೇಳಿದ್ದೀಯ, ಉದಾಹರಣೆ ಎಲ್ಲಿ?’ ‘ಕೇಳಿದ್ದು ಒಂದು, ಬರೆದದ್ದು ಇನ್ನೊಂದು.’ ಹೀಗೆ ಇಪ್ಪತ್ತೊಂದಾದವು. ಜೆರಾಕ್ಸ್ ಮಾಡಿಸಿ ಎಲ್ಲರ ನೋಟ್‌ಬುಕ್ಕಿಗೂ ಅಂಟಿಸಿದೆವು. ಮೇಷ್ಟ್ರು ಮನೆಯಲ್ಲೇ ಕೂತು, ತಪ್ಪಿದ ಸಾಲಿನ ಪಕ್ಕ ಎಡಗೈಯಲ್ಲಿ ನಂಬರು ಬರೆದರೆ ಸಾಕು. ಮಕ್ಕಳು ಪಟ್ಟಿ ನೋಡಿ ತಿದ್ದಿ ಬರೆಯುತ್ತಿದ್ದರು. ಮೇಷ್ಟ್ರು ಮತ್ತೆ ಮೇಷ್ಟ್ರಾದರು. ನಾನೂ ಒಳಗೊಳಗೇ ಬೀಗಿದೆ.

ಒಮ್ಮೆ ಕಿರುಪರೀಕ್ಷೆಯಲ್ಲಿ, ಕಾಡನ್ನು ಉಳಿಸುವುದು ಹೇಗೆ ಎಂಬ ಪ್ರಶ್ನೆಯಿತ್ತು. ಪೋಡು ಎನ್ನುವ ಬೆಟ್ಟದ ಹಾಡಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿಯೊಬ್ಬಳು ಗೈಡಿನ ಉತ್ತರ ಬಿಟ್ಟು ಅಜ್ಜಿಯ ಬಗ್ಗೆ ಬರೆದಿದ್ದಳು. ಕಾಡಿನಲ್ಲಿ ಗೆಣಸು ಅಗೆದಾಗ ಅಜ್ಜಿ ತುದಿಯನ್ನು ಮಣ್ಣಿಗೇ ಬಿಟ್ಟು ಮುಚ್ಚುತ್ತಾಳೆ, ಮುಂದಿನ ವರ್ಷ ಅಲ್ಲೇ ಬಳ್ಳಿ ಏಳುತ್ತದೆ ಎಂದು. ನಾನು ಎದುರಿಗೇ ಕೂತಿದ್ದೆ; ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಪಟ್ಟಿಯ ಮೇಲಿಂದ ಕೆಳಗೆ ಬೆರಳಾಡಿಸಿದರು. ಪುನಃ ಮೇಲಿಂದ ಶುರುಮಾಡಿದರು. ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಈ ಮನುಷ್ಯ ಒಂದು ಹೊಗಳಿಕೆಯನ್ನೂ ಬರೆದಿರಲಿಲ್ಲ. ಬರೆಯದಿದ್ದುದನ್ನು ನಾನು ಹೆಕ್ಕುವುದೆಲ್ಲಿಂದ? ಕೊನೆಗೆ ಅವರು ಬರೆದರು: 22.

ಮರುದಿನ ಹುಡುಗಿ ನನ್ನ ಹತ್ತಿರ ಓಡಿಬಂದಳು. “ಮಿಸ್, ಇಪ್ಪತ್ತೆರಡು ಇಲ್ವಲ್ಲಾ. ಸಾ ಏನಂತ ಬರ್ದವ್ರೆ?”

“ಚೆನ್ನಾಗಿದೆ ಅಂತ ಕಣೆ.”

“ಸಾ ಯಾವತ್ತೂ ಅಂಗನ್ನಾಕಿಲ್ಲ ಮಿಸ್. ಅವ್ರನ್ನೇ ಕೇಳ್ತೀನಿ.”

ಕರೆದುಕೊಂಡು ಹೋದೆ. ಹೋಗಬಾರದಿತ್ತೇನೋ, ಇವತ್ತಿಗೂ ತಿಳಿಯದು. ಅವಳು ಹಾಳೆ ಹಿಡಿದು ಎದುರು ನಿಂತಳು. ಮೇಷ್ಟ್ರ ಮುಖವೆಲ್ಲ ಅರಳಿತು. ಎಡಗೈ ಎತ್ತಿ ಅವಳ ತಲೆಯ ಮೇಲಿಟ್ಟರು, ತುಟಿ ಒದ್ದಾಡಿತು, ಕತ್ತಿನ ನರ ಉಬ್ಬಿತು.

“ಇಲ್ಲ,” ಎಂದರು. “ಇಲ್ಲ... ಇಲ್ಲ... ಇಲ್ಲ.”

ತಮ್ಮ ಮಾತು ತಮಗೇ ಕೇಳಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದರು. ಹುಡುಗಿ ಹಾಳೆಯನ್ನು ಮಡಚತೊಡಗಿದಳು.

ದಾರಿಯುದ್ದಕ್ಕೂ ಅವಳಿಗೆ ಬಿಡಿಸಿ ಹೇಳಿದೆ, ಅವರಿಗೆ ಉಳಿದಿರುವುದು ಅದೊಂದೇ ಪದ, ಅದರರ್ಥ ಅದಲ್ಲ ಎಂದು. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಹಾಸ್ಟೆಲಿನ ಗೇಟಿನ ಹತ್ತಿರ ನಿಂತು, “ಮುಂದಿನ ಸಲ ಗೈಡ್‌ನಲ್ಲಿರಾದ್ನೇ ಬರೀತೀನಿ ಮಿಸ್,” ಎಂದಳು.