ಸಂಜೆಗೆ ಸಡಿಲಾಗುವ ಪ್ಯಾಂಟು

ಬೈಲಹೊಂಗಲದ ಪೇಟೆಯಲ್ಲಿ ನಿಜಗುಣಪ್ಪ ಸಾವಕಾರರ ಅರಿವೆ ಅಂಗಡಿಯ ಕಟ್ಟೆಯ ಮೇಲೆ ಶಟ್ಟೆವ್ವನ ಹೊಲಿಗೆ ಯಂತ್ರ ಇತ್ತು. ಗಂಡಸರ ಪ್ಯಾಂಟನ್ನು ಹೆಂಗಸು ಹೊಲಿಯುವುದುಂಟೇ ಎಂದು ಮೂಗು ಮುರಿದವರೇ ಒಂದೆರಡು ವರ್ಷದಲ್ಲಿ ಅವಳ ಮುಂದೆ ಅರಿವೆ ಹಿಡಿದು ನಿಂತರು. ಬಾಯಿಗೇನು, ಅದು ಏನನ್ನಾದರೂ ಅನ್ನುತ್ತದೆ. ಸೊಂಟಕ್ಕೆ ಸರಿಯಾಗಿ ಕೂಡುವ ಪ್ಯಾಂಟು ಸಿಕ್ಕಮೇಲೆ ಹೊಲಿದವರು ಯಾರೆಂದು ಕೇಳುವವರು ಕಡಿಮೆ.

ಯಂತ್ರವೂ ವಿದ್ಯೆಯೂ ಗಂಡ ಹನುಮಪ್ಪ ಬಿಟ್ಟುಹೋದದ್ದು. ಸೊಂಟದ ಅಳತೆ ಹಿಡಿಯುವಾಗ ಅವನು ಟೇಪಿನೊಳಗೆ ತನ್ನ ಎರಡು ಬೆರಳು ತೂರಿಸಿಯೇ ಹಿಡಿಯುತ್ತಿದ್ದ. ಅದಕ್ಕೆ ಅವನಿಟ್ಟ ಹೆಸರು ‘ಊಟದ ಬೆರಳು’. ಜೋಳದ ರೊಟ್ಟಿ ಉಂಡ ಹೊಟ್ಟೆಗೆ ಅಷ್ಟು ಜಾಗ ಬೇಕೇಬೇಕು ಎಂದು ಅವನ ವಾದ. ಶಟ್ಟೆವ್ವನೂ ಅದನ್ನೇ ಪಾಲಿಸಿಕೊಂಡು ಬಂದಿದ್ದಳು. ಯಾರು ಬಂದರೂ, ಯಾವ ಅರಿವೆ ತಂದರೂ, ಎರಡು ಬೆರಳು ಬಿಟ್ಟೇ ಕತ್ತರಿಸುವವಳು.

ಆದರೆ ಆ ಬೆರಳುಗಳಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಹನುಮಪ್ಪ ಕ್ಷಯದಿಂದ ಸತ್ತವನು. ಆಸ್ಪತ್ರೆಯವರು ಬಾಯಿಬಿಟ್ಟು ಹೇಳುವ ಎಷ್ಟೋ ಮೊದಲೇ ಅವನ ಪ್ಯಾಂಟಿನ ಸೊಂಟದಲ್ಲಿ ಶಟ್ಟೆವ್ವನ ಬೆರಳು ಹೆಚ್ಚುಹೆಚ್ಚು ಹಿಡಿಯತೊಡಗಿದ್ದವು. ಹೊಲಿಗೆ ಬಿಚ್ಚಿ, ಸೊಂಟವನ್ನು ಒಳಗೆ ಹಿಡಿದು ಬಿಗಿ ಮಾಡಿದಳು. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಬಿಚ್ಚಿ ಮತ್ತೆ ಹಿಡಿದಳು. ಕಡೆಗೆ ಹಿಂದಿನ ಎರಡು ಜೇಬು ಒಂದಕ್ಕೊಂದು ತಾಗಿದಾಗ ಅವನೇ ಸಾಕು ಬಿಡು ಅಂದ. ಮಗ ಮಾಳಪ್ಪ ಆಗ ಸಾಲಿಗೆ ಹೋಗುವ ಹುಡುಗ, ಯಂತ್ರದ ಪಕ್ಕದಲ್ಲಿ ಕೂತು ಎಲ್ಲ ನೋಡುತ್ತಿದ್ದ.

ಈಗ ಮಾಳಪ್ಪ ಸಾವಕಾರರ ಸರಕಿನ ಮೆಟಡೋರ್ ವ್ಯಾನು ಓಡಿಸುತ್ತಾನೆ. ಸವದತ್ತಿ, ರಾಮದುರ್ಗ, ಕಿತ್ತೂರು ಎಂದು ದಿನವಿಡೀ ಬಿಸಿ ಸೀಟಿನ ಮೇಲೆ ಕೂತಿರುವ ಕೆಲಸ. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಸಾವಕಾರರು ಮುಂಬಯಿಯಿಂದ ಒಂದು ಹೊಸ ನಮೂನೆಯ ಜೀನ್ಸ್ ಅರಿವೆ ತಂದರು. ಪರದೇಶಕ್ಕೆ ಹೋಗಬೇಕಾದ ಮಾಲಿನಲ್ಲಿ ಮಿಕ್ಕ ತುಂಡುಗಳಂತೆ. ಸ್ಟ್ರೆಚ್ ಜೀನ್ಸ್ ಎಂದು ಅವರು ಎಷ್ಟು ಹೇಳಿಕೊಟ್ಟರೂ ಪೇಟೆ ಅದನ್ನು ರಬ್ಬರ್ ಜೀನ್ಸ್ ಎಂದೇ ಕರೆಯಿತು.

“ಎಳದ್ರ ಬರ್ತೈತಿ, ಬಿಟ್ರ ಹೊಕ್ಕೈತಿ ನೋಡವಾ ಶಟ್ಟೆವ್ವ,” ಎಂದು ಸಾವಕಾರರು ಅಡ್ಡಕ್ಕೆ ಎಳೆದು ತೋರಿಸಿದರು. “ಮೊದಲನೇ ಪ್ಯಾಂಟು ನಿನ್ನ ಮಗಗ ಹೊಲಿ. ಅಂವ ಊರೂರು ತಿರಗಾಂವ, ನಾಕ್ ಮಂದಿ ನೋಡ್ಲಿ.”

ಶಟ್ಟೆವ್ವ ಹೊಲಿದಳು, ಊಟದ ಬೆರಳು ಬಿಟ್ಟೇ ಹೊಲಿದಳು. ಅಂಗಡಿಯ ಕನ್ನಡಿಯ ಮುಂದೆ ಮಾಳಪ್ಪ ಹಾಕಿಕೊಂಡು ನಿಂತಾಗ ಪ್ಯಾಂಟು ಮೈಯಿಗೇ ಹುಟ್ಟಿಬಂದ ಹಾಗಿತ್ತು. ಅವನು ಒಂದು ಸುತ್ತು ತಿರುಗಿ, ಸಿಳ್ಳೆ ಹಾಕಿದ. ಹಳೆಯ ಖಾಕಿ ಪ್ಯಾಂಟು ಇನ್ನು ಯಾಕೆ ಎಂದು ಅವಳು ಅದನ್ನು ಕತ್ತರಿಸಿ ಸಂತೆಚೀಲ ಮಾಡಿದಳು. ಅಲ್ಲಿಂದ ಮಾಳಪ್ಪನಿಗೆ ವಾರವಿಡೀ ಅದೊಂದೇ ಪ್ಯಾಂಟು, ಐತವಾರ ಲುಂಗಿ.

ಒಂದು ಸಂಜೆ ಅವನು ರಾಮದುರ್ಗದಿಂದ ಬಂದು ಕಟ್ಟೆಗೆ ಒರಗಿ ನಿಂತಿದ್ದಾಗ ಅಂಗಿಯ ಅಂಚು ಸರಿಸಲು ಹೋದ ಶಟ್ಟೆವ್ವನ ಕೈ ಸೊಂಟದ ಪಟ್ಟಿಯೊಳಗೆ ಜಾರಿತು. ಬೆರಳಲ್ಲ, ಇಡೀ ಮುಷ್ಟಿ ಹಿಡಿಸಿತು. ಕೈಯನ್ನು ಬೆಂಕಿಗೆ ತಾಗಿದವಳ ಹಾಗೆ ಹಿಂದಕ್ಕೆ ಎಳೆದುಕೊಂಡಳು.

“ಯಾಕಬೇ?” ಅಂದ ಮಾಳಪ್ಪ.

“ಏನಿಲ್ಲ. ದಾರ ಹತ್ತಿತ್ತು.”

ಅಂದಿನಿಂದ ಅವಳ ಕಣ್ಣಿಗೆ ಬೇರೇನೂ ಕಾಣಲಿಲ್ಲ. ಹಿಂದಿನಿಂದ ನೋಡಿದರೆ ಪ್ಯಾಂಟಿನ ಕುಂಡಿ ಜೋತುಬಿದ್ದಿದೆ, ಮೊಣಕಾಲಲ್ಲಿ ಅರಿವೆ ಉಬ್ಬಿ ನಿಂತಿದೆ. ಅವಳಿಗೆ ಕಂಡದ್ದು ಅರಿವೆಯಲ್ಲ, ಅದರೊಳಗೆ ಕರಗುತ್ತಿರುವ ಮಗ. ಮೆಣಸಿನಕಾಯಿ ಚೀಲ ಹೇರಿಕೊಂಡು ಬಂದ ದಿನ ಅವನು ಕೆಮ್ಮಿದರೂ ಅವಳು ಹೊಲಿಗೆ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಐತವಾರ ಪ್ಯಾಂಟು ಒಗೆದುಹಾಕಿದರೆ ಸೋಮವಾರ ಬೆಳಿಗ್ಗೆ ಮತ್ತೆ ಬಿಗಿಯಾಗಿ ಕೂಡುತ್ತಿತ್ತು. ಕುಡಿಸಿದ ಹಾಲು, ತಿನ್ನಿಸಿದ ತತ್ತಿ ಹತ್ತಿತು ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಸಂಜೆಗೆ ಮತ್ತೆ ಅದೇ ಸಡಿಲು. ದೇವರು ಬೆಳಿಗ್ಗೆ ಕೊಟ್ಟು ಸಂಜೆ ಕಸಿದುಕೊಳ್ಳುತ್ತಾನೆ ಎಂದು ನಂಬಿದ ಪಾಪದ ಹೆಂಗಸು!

ಇದರ ಮೇಲೆ ಮಾಳಪ್ಪನ ನಡತೆಯೂ ಬದಲಾಯಿತು. ಮುಂಚೆ ಅವಳ ಪಕ್ಕಕ್ಕೆ ಕೂತು ಉಣ್ಣುತ್ತಿದ್ದವನು ಈಗ ತಾಟು ಹಿಡಿದು ಹೊರಕಟ್ಟೆಗೆ ಹೋಗತೊಡಗಿದ. ತನ್ನ ಹಾಸಿಗೆಯನ್ನೂ ಅಲ್ಲಿಗೇ ಒಯ್ದ. ನೀರು ಕುಡಿಯುವ ಲೋಟ ತೊಳೆದು ಗೋಡೆಯ ಮಾಡಿನಲ್ಲಿ ಬೇರೆ ಇಟ್ಟ. ಏನಾದರೂ ಕೇಳಿದರೆ “ಸೆಕಿ ಆಗತೈತಿ” ಎನ್ನುವನು. ಅಂಗಿಯನ್ನು ಎಂದೂ ಒಳಗೆ ಸೇರಿಸುತ್ತಿರಲಿಲ್ಲ. ಹಸಿವು ಸತ್ತಿದೆ, ಮನಸ್ಸೂ ಸೋತಿದೆ, ಅವನಪ್ಪನಿಗೂ ಹೀಗೇ ಆಗಿತ್ತು ಎಂದು ಅವಳು ಒಳಗೊಳಗೇ ಲೆಕ್ಕ ಹಾಕಿದಳು. ಆಸ್ಪತ್ರೆಗೆ ಕರೆದೊಯ್ಯಬಹುದಿತ್ತು. ಈಗ ಅದಕ್ಕೆ ಒಳ್ಳೆಯ ಔಷಧಿ ಬಂದಿದೆ ಎಂದು ಅವಳೂ ಕೇಳಿದ್ದಳು. ಆದರೆ ಆ ಹೆಸರನ್ನು ಡಾಕ್ಟರ ಬಾಯಿಂದ ಇನ್ನೊಮ್ಮೆ ಕೇಳುವ ಧೈರ್ಯ ಅವಳಲ್ಲಿ ಇರಲಿಲ್ಲ. ನಾಳೆ ಹೋಗೋಣ, ನಾಳೆ ಹೋಗೋಣ ಎಂದು ಹೆದರಿಕೆಯನ್ನೇ ಸಾಕುತ್ತ ಕೂತಳು.

ಹೀಗಿರುವಾಗ ಗಂಗಯ್ಯ ಕಟ್ಟೆಯ ಮೇಲೆ ಬಂದು ಧುಮುಗುಟ್ಟಿದ. ಟಾಕೀಸಿನಲ್ಲಿ ರೀಲು ಓಡಿಸುವ ಈ ಗಂಗಯ್ಯ ಒಬ್ಬನೇ ಕೂತರೂ ಬೆಂಚು ತುಂಬುವ ಆಳು. ಸಿನಿಮಾದವರ ಪೋಷಾಕು ನೋಡಿ ನೋಡಿ ಆಸೆಪಟ್ಟು ರಬ್ಬರ್ ಜೀನ್ಸ್ ಹೊಲಿಸಿಕೊಂಡಿದ್ದ. ಈಗ ಎರಡೂ ಕೈಯಿಂದ ಸೊಂಟ ಹಿಡಿದುಕೊಂಡು ನಿಂತಿದ್ದ.

“ಏನ್ ಹೊಲದೀಯವಾ ಇದು? ಅಂಗಡ್ಯಾಗ ಹಾಕೊಂಡಾಗ ರಾಜನಂಗ ಕಂಡ್ನಿ. ಮೊದಲನೇ ಆಟ ಮುಗಿಯೂದ್ರಾಗ ಇಳ್ಯಾಕ ಹತ್ತೇತಿ! ಒಂದ್ ಕೈಲಿ ರೀಲ್ ಹಿಡೀಲ್ಯಾ, ಒಂದ್ ಕೈಲಿ ಪ್ಯಾಂಟ್ ಹಿಡೀಲ್ಯಾ?”

ಶಟ್ಟೆವ್ವ ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. “ಅಯ್ಯಾರ, ನೀವು ಸಣ್ಣ ಆಗೀರೇನ್ರಿ?”

“ನಾನಾ?” ಗಂಗಯ್ಯ ತನ್ನ ಹೊಟ್ಟೆಯನ್ನು ತಟ್ಟಿದ. “ಇದ್ ನೋಡಿ ಹೇಳು. ಬೇಕಾರ ತಕ್ಕಡ್ಯಾಗ ಕುಂಡ್ರತೇನಿ.”

“ಒಗದ ಮ್ಯಾಲ?”

“ಒಗದ ದಿನ ಬರೋಬ್ಬರಿ ಇರತೈತಿ. ಸಂಜೀಕ ಮತ್ತ ಅದ ಹಾಡು.”

ಶಟ್ಟೆವ್ವ ಎದ್ದು ನಿಂತಳು. ಅವಳಿಗೆ ನಗು ಬಂತೋ ಅಳು ಬಂತೋ ಗಂಗಯ್ಯನಿಗೆ ತಿಳಿಯಲಿಲ್ಲ. ಸರಿ ಮಾಡಿಕೊಡುವೆನೆಂದು ಅವನನ್ನು ಕಳಿಸಿದವಳೇ ಮಾಳಪ್ಪನ ಪ್ಯಾಂಟಿಗೆ ಕತ್ತರಿಸಿ ಮಿಕ್ಕಿದ್ದ ಅರಿವೆಯ ಚೂರು ಹುಡುಕಿದಳು. ಆದರೂ ಹೆದರಿಕೆ ಅಷ್ಟು ಸುಲಭಕ್ಕೆ ಬಿಡುವುದೇ? ಗಂಗಯ್ಯನದು ಅರಿವೆಯ ತಪ್ಪು, ಮಗನದು ಮೈಯದೇ ಇರಬಹುದು ಎಂದು ಅದು ಒಳಗಿನಿಂದ ಪಿಸುಗುಟ್ಟುತ್ತಲೇ ಇತ್ತು. ತನ್ನ ಕಣ್ಣಾರೆ ಕಾಣಬೇಕಿತ್ತು ಅವಳಿಗೆ.

ಮರುದಿನ ಬೆಳಿಗ್ಗೆ ಅರಿವೆ ಎಳೆಯುವ ದಿಕ್ಕಿಗೇ ಒಂದು ಪಟ್ಟಿ ಕತ್ತರಿಸಿ, ಅದರ ಮೇಲೆ ಒಂದು ಗೇಣಿನ ಅಂತರದಲ್ಲಿ ಸೀಮೆಸುಣ್ಣದ ಖಡುವಿನಿಂದ ಎರಡು ಗೆರೆ ಎಳೆದಳು. ಬೆವರು ಹತ್ತಿದ ಹಾಗೆ ಪಟ್ಟಿಯನ್ನು ತುಸು ತೇವ ಮಾಡಿ, ಅಂಗಡಿಯ ಮೊಳೆಗೆ ಕಟ್ಟಿ, ತುದಿಗೆ ಇಸ್ತ್ರಿಪೆಟ್ಟಿಗೆ ತೂಗುಬಿಟ್ಟಳು. ಪಕ್ಕದಲ್ಲಿ ಸಾದಾ ಖಾಕಿಯ ಪಟ್ಟಿಗೆ ಅಷ್ಟೇ ಭಾರವಾಗುವಂತೆ ಕತ್ತರಿ, ಬೀಗ ಎಲ್ಲ ಸೇರಿಸಿ ಕಟ್ಟಿದಳು. ನಿಜಗುಣಪ್ಪನವರು ಬಂದು ನೋಡಿ, ಇದೇನು ತೋರಣ ಎಂದರು. ಅವಳದು ಒಂದೇ ಕೆಲಸ. ಹೊಲಿಯುತ್ತ ಹೊಲಿಯುತ್ತ ತಲೆ ಎತ್ತಿ ನೋಡುವುದು, ಮತ್ತೆ ತಗ್ಗಿಸುವುದು. ಪಟ್ಟಿ ಬೆಳೆಯಲಿ ದೇವರೇ ಎಂದು ಯಾವ ದರ್ಜಿ ಬೇಡಿಕೊಂಡಾನು? ಅವಳು ಬೇಡಿಕೊಂಡಳು.

ಬಿಸಿಲು ಇಳಿದಾಗ ಎರಡನ್ನೂ ಬಿಚ್ಚಿ ಮೇಜಿನ ಮೇಲೆ ಇಟ್ಟು, ಹಿಂದಕ್ಕೆ ಹೋಗಲೆಂದು ಸ್ವಲ್ಪ ಹೊತ್ತು ಬಿಟ್ಟಳು. ಖಾಕಿ ಇದ್ದ ಹಾಗೇ ಇತ್ತು. ರಬ್ಬರ್ ಜೀನ್ಸಿನ ಗೆರೆಗಳು ಹಿಂದಕ್ಕೆ ಬಂದವು, ಆದರೆ ಪೂರ್ತಿ ಬರಲಿಲ್ಲ. ಗೇಣಿನ ಮೇಲೆ ಒಂದು ಬೆರಳಗಲ ಹೆಚ್ಚೇ ಉಳಿಯಿತು. ಅದೇ ಪಟ್ಟಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಒಣಗಿಸಿ ನೋಡಿದರೆ ಆ ಬೆರಳು ಹೆಚ್ಚುಕಡಿಮೆ ಮಾಯ! ಅಡ್ಡ ಎಳೆಯೊಂದನ್ನು ಕಿತ್ತು ಬಿಡಿಸಿದಳು. ಹತ್ತಿಯ ಒಳಗೆ ಕೂದಲಿನಂಥ ಬಿಳಿಯ ರಬ್ಬರ್ ತಂತಿ.

ಆಗ ಅವಳಿಗೆ ಎಲ್ಲ ತಿಳಿಯಾಯಿತು. ಕನ್ನಡಿಯ ಮುಂದೆ ನಿಲ್ಲುವುದು ಎಷ್ಟು ಹೊತ್ತು? ಆ ಗಳಿಗೆಗೆ ರಬ್ಬರು ಗಟ್ಟಿ ಹಿಡಿದಿರುತ್ತದೆ. ಮೈಯ ಕಾವು, ಬೆವರು, ಕೂತು ಏಳುವ ಎಳೆತ ದಿನವಿಡೀ ಬಿದ್ದರೆ ಅದು ದಣಿದು, ಸುತ್ತಲಿನ ಹತ್ತಿಯೂ ಸರಿದು, ಅರಿವೆ ಬೆಳೆದುಬಿಡುತ್ತದೆ. ನೀರು ಬಿದ್ದಮೇಲೆ ಮತ್ತೆ ಮುದುಡುತ್ತದೆ. ಸಂಜೆಗೆ ತಾನೇ ಬೆಳೆಯುವ ಅರಿವೆಗೆ ಮೇಲಿಂದ ಇವಳು ಊಟದ ಬೆರಳು ಬೇರೆ ಬಿಟ್ಟಿದ್ದಳು. ಇಂಥ ಅರಿವೆಯಲ್ಲಿ ಆ ಎರಡು ಬೆರಳು ಬಿಡಬಾರದು. ಅಂಗಡಿಯಲ್ಲಿ ಹಾಕಿದಾಗ ತುಸು ಬಿಗಿ ಅನ್ನಿಸುವಷ್ಟೇ ಅಳತೆಗೆ ಕತ್ತರಿಸಬೇಕು. ಸೊಂಟದ ಪಟ್ಟಿಯೊಳಗೆ ಎಳೆದರೂ ಹಿಗ್ಗದ ಹತ್ತಿಯ ನವಾರಪಟ್ಟಿ ಇಟ್ಟು ಹೊಲಿಯಬೇಕು.

ಮಾಳಪ್ಪ ಸವದತ್ತಿಯಿಂದ ಬಂದು ಮನೆಯ ಮುಂದೆ ಕೈಕಾಲು ತೊಳೆಯುತ್ತಿದ್ದಾಗ ಅವಳು ಅವನೆದುರು ನಿಂತಳು.

“ಅಂಗಿ ಎತ್ತು.”

“ಯಾಕಬೇ?”

“ಎತ್ತಂತೇನಿ!”

ಅವನು ಎತ್ತಲಿಲ್ಲ. ಅವಳೇ ಎತ್ತಿದಳು. ಸೊಂಟದ ಸುತ್ತ ಚೀಲ ಕಟ್ಟುವ ಸುತಳಿ ಬಿಗಿದಿತ್ತು, ಅದರಡಿ ಚರ್ಮ ಕೆಂಪಗಾಗಿತ್ತು. ಮಾಳಪ್ಪ ತಲೆ ತಗ್ಗಿಸಿದ.

“ನಿನಗ ಕಾಣಬಾರ್ದಂತ ಕಟ್ಟಿದ್ನಿ,” ಅಂದ. “ಅಪ್ಪಂದ ನನಗ ಹತ್ತೇತಿ ಯವ್ವಾ. ಸಂಜೀಕ ಸಂಜೀಕ ಕರಗಾಕತ್ತೇನಿ. ಅಪ್ಪನ ಪ್ಯಾಂಟ್ ಒಳಗ ಹಿಡೀಯೂ ಮುಂದ ನೀ ಹೆಂಗ ಅಳತಿದ್ದಿ, ನಾ ನೋಡೇನಿ. ಮತ್ತೊಮ್ಮಿ ಅದನ್ನ ನಿನ್ನ ಕೈಲಿ ಮಾಡಸಾಕ ನನ್ನಿಂದ ಆಗಲಿಲ್ಲ.”

“ಹೊರಗ ಉಣ್ಣೂದು, ಹೊರಗ ಮಲಗೂದು...”

“ನಿನಗ ಹತ್ತಬಾರ್ದಂತ.”

ಶಟ್ಟೆವ್ವ ಹೊಸ್ತಿಲ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತುಬಿಟ್ಟಳು. ಅಳುತ್ತಲೇ ಪಟ್ಟಿಯ ಕತೆ ಹೇಳಿದಳು, ಗಂಗಯ್ಯನ ಹೊಟ್ಟೆಯ ಕತೆ ಹೇಳಿದಳು. ಮಾಳಪ್ಪ ಮೊದಲು ನಂಬಲಿಲ್ಲ. ಅವಳು ಟೇಪು ತಂದು ಅವನ ಬರಿಯ ಸೊಂಟಕ್ಕೆ ಸುತ್ತಿ ಹಿಡಿದಳು. ಜೀನ್ಸ್ ಹೊಲಿಯುವಾಗ ಇದ್ದಷ್ಟೇ ಇತ್ತು, ಒಂದು ಗೆರೆಯೂ ಇಳಿದಿರಲಿಲ್ಲ.

“ಸಣ್ಣಾಗಿದ್ದು ನೀ ಅಲ್ಲೋ ಹುಚ್ಚಾ. ಪ್ಯಾಂಟ್ ದೊಡ್ಡದಾಗೇತಿ,” ಅಂದಳು.

ಅವಳು ಮಾಡಿನಲ್ಲಿದ್ದ ಅವನ ಲೋಟ ತಂದು, ಅದರಲ್ಲೇ ನೀರು ತುಂಬಿಕೊಂಡು, ಅವನು ಬೇಡ ಬೇಡ ಅನ್ನುತ್ತಿರುವಾಗಲೇ ಗಟಗಟ ಕುಡಿದಳು. ಒಂದೇ ತಾಟಿಗೆ ರೊಟ್ಟಿ, ಕೆಂಪು ಚಟ್ನಿ, ಮೊಸರು ಹಾಕಿ ಪಕ್ಕಕ್ಕೆ ಕೂರಿಸಿಕೊಂಡಳು. ಮಾಳಪ್ಪ ಹಸಿದವನಂತೆ ದೊಡ್ಡ ತುತ್ತು ಬಾಯಿಗಿಟ್ಟ. ಇಟ್ಟವನಿಗೆ ನೆತ್ತಿಗೇರಿ ಕೆಮ್ಮು ಬಂತು.

ಇಬ್ಬರ ಕೈಯೂ ತಾಟಿನಲ್ಲಿ ಹಾಗೇ ನಿಂತವು. ಒಬ್ಬರ ಮುಖ ಒಬ್ಬರು ನೋಡಿದರು.

“ಖಾರ, ಯವ್ವಾ,” ಅಂದ ಮಾಳಪ್ಪ, ಕಣ್ಣಲ್ಲಿ ನೀರು ತುಂಬಿಕೊಂಡು. “ಬರೇ ಖಾರ.”