ನಜರ್‌ಬಾದಿನ ಮನೆಗೆ ಹೋಗುತ್ತಿದ್ದ ಸೋಮವಾರದ ಮೆಸೇಜು

ಯಂತ್ರ ನನಗೆ ಬುದ್ಧಿ ಹೇಳಿದರೆ ಮೈಯೆಲ್ಲ ಉರಿಯುತ್ತದೆ. ಮನುಷ್ಯರು ಹೇಳಿದರೂ ಉರಿಯುತ್ತದೆ, ಆದರೆ ಅವರೊಡನೆ ಜಗಳವಾದರೂ ಆಡಬಹುದು. ಆ ಸೋಮವಾರ ಬೆಳಿಗ್ಗೆ ನನ್ನ ಕಂಪ್ಯೂಟರಿನ ಪರದೆ ತುಂಬ ಕೆಂಪು ಸಾಲುಗಳು. ನೀನು ಬರೆದದ್ದು ಇಲ್ಲಿ ಸರಿಯಿಲ್ಲ, ಅಲ್ಲಿ ಸರಿಯಿಲ್ಲ ಎಂದು ಒಂದೇ ಸಮನೆ ದೂರು. ನಮ್ಮ ಆಫೀಸು ಸಿದ್ಧಾರ್ಥನಗರದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆ. ಕೆಳಗೆ ರಾಗಿ ಬೀಸುವ ಸದ್ದು, ಮೇಲೆ ನಾನು ಹಲ್ಲು ಕಡಿಯುವ ಸದ್ದು.

ನಾವು ಮಾಡಿಕೊಟ್ಟಿದ್ದು ಒಂದು ಟ್ರಸ್ಟಿನ ಕೆಲಸ. ಗುಣವಾಗದ ಕಾಯಿಲೆಯವರನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವ ನರ್ಸುಗಳಿದ್ದಾರಲ್ಲ, ಅವರ ಫೋನಿನಲ್ಲಿರುವ ಆ್ಯಪ್. ಯಾರನ್ನು ಯಾವಾಗ ನೋಡಿದೆವು, ನೋವಿನ ಔಷಧಿ ಎಷ್ಟು ಉಳಿದಿದೆ, ಮತ್ತೆ ಯಾವಾಗ ಹೋಗಬೇಕು ಎಂಬುದೆಲ್ಲ ಅದರಲ್ಲಿ. ಪ್ರತಿ ಸೋಮವಾರ ಸಂಜೆ ರೋಗಿಗಳ ಮನೆಗೆ ಒಂದು ಮೆಸೇಜು ಹೋಗುತ್ತದೆ. ಮನೆಯಲ್ಲಿ ಯಾರಾದರೂ ಇರಲಿ, ಮಾತ್ರೆಯ ಚೀಟಿ ತೆಗೆದಿಟ್ಟಿರಲಿ ಎಂದು.

ಡೇಟಾಬೇಸಿನಿಂದ ಮಾಹಿತಿ ತಂದುಕೊಡುವ ಒಂದು ಲೈಬ್ರರಿ, ಅಂದರೆ ಬೇರೆ ಯಾರೋ ಬರೆದಿಟ್ಟು ನಾವು ಬಳಸಿಕೊಳ್ಳುವ ಕೋಡು, ಹಳೆಯದಾಗಿತ್ತು. ಅದರಲ್ಲಿ ಕಳ್ಳರು ನುಗ್ಗಬಹುದಾದ ತೂತಿದೆ ಎಂದು ಗೊತ್ತಾದ ಮೇಲೆ ಟ್ರಸ್ಟಿನ ಡಾಕ್ಟರು ಒಂದೇ ಮಾತು ಹೇಳಿದ್ದರು: ರೋಗಿಗಳ ವಿಷಯ ಬೀದಿಗೆ ಬೀಳಬಾರದು, ಹೊಸದಕ್ಕೆ ಬದಲಾಯಿಸಿ. ಬದಲಾಯಿಸಿದೆವು. ಬಿಲ್ಡ್, ಅಂದರೆ ಬರೆದ ಕೋಡಿನಿಂದ ಆ್ಯಪನ್ನು ಕಟ್ಟಿಕೊಡುವ ಕೆಲಸ, ನಿಂತಿತು. ಟೈಪ್‌ಸ್ಕ್ರಿಪ್ಟ್ ಎಂಬ ಈ ಭಾಷೆಯ ಸ್ವಭಾವವೇ ಹಾಗೆ. ಯಾವ ಡಬ್ಬಿಯಲ್ಲಿ ಅಕ್ಕಿ, ಯಾವುದರಲ್ಲಿ ಬೇಳೆ ಎಂದು ಮೊದಲೇ ಹೇಳಿರಬೇಕು. ಹೇಳಿದ್ದೊಂದು, ಸುರಿದದ್ದೊಂದು ಆದರೆ ಅಡುಗೆ ಶುರುವಾಗುವ ಮುಂಚೆಯೇ ಗಲಾಟೆ ಎಬ್ಬಿಸುತ್ತದೆ. ಆ ಗಲಾಟೆ ಅಡಗುವವರೆಗೆ ಹೊಸ ಆ್ಯಪ್ ಹೊರಗೆ ಬರದ ಹಾಗೆ ನಾವೇ ಕಟ್ಟುಮಾಡಿಕೊಂಡಿದ್ದೆವು.

ಹೀಗಿರುವಾಗ ಸಿಸ್ಟರ್ ಮೆಟ್ಟಿಲು ಹತ್ತಿ ಬಂದರು. ಟ್ರಸ್ಟಿನ ಹಿರಿಯ ನರ್ಸು. ಎಂದೂ ನಮ್ಮ ಆಫೀಸಿಗೆ ಕಾಲಿಟ್ಟವರಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ.

"ಏನಮ್ಮ ಇದು ನೀವು ಮಾಡಿರೋದು? ನಜರ್‌ಬಾದಿನ ಯಜಮಾನ್ರ ಹೆಂಡ್ತಿ ತೀರ್ಕೊಂಡು ಎಷ್ಟು ಕಾಲ ಆಯ್ತು. ನಾನೇ ಕೈಯಾರೆ ಮೈ ಒರೆಸಿ ಸೀರೆ ಉಡಿಸಿ ಬಂದೋಳು. ಆ ಮನೆಗೆ ಇನ್ನೂ ಮೆಸೇಜು ಹೋಗ್ತಿದೆ."

ಪಕ್ಕದ ಬೀದಿಯ ರೋಗಿಯನ್ನು ನೋಡಿಕೊಂಡು ಬರುವಾಗ, ಹೇಗಿದ್ದಾರೋ ಎಂದು ಅವರ ಮನೆಗೆ ಹೋಗಿದ್ದರಂತೆ. ಯಜಮಾನರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನಡುಮನೆಯಲ್ಲಿ ಮಂಚ ಹಾಗೇ ಇತ್ತು. ಅದರ ಮೇಲೆ ಒಗೆದ ಹೊದಿಕೆ, ಪಕ್ಕದ ಸ್ಟೂಲಿನ ಮೇಲೆ ಬಿಸಿನೀರು, ಟವೆಲು. ಇದೇನು ಎಂದು ಕೇಳಿದ್ದಕ್ಕೆ ಫೋನು ತೋರಿಸಿದರಂತೆ. ಹೆಂಡತಿಯ ಹೆಸರು ಬರೆದು, 'ಇವರನ್ನು ನೋಡಬೇಕಾದ ದಿನ ಕಳೆದಿದೆ, ನರ್ಸ್ ಬೇಗ ಬರುತ್ತಾರೆ' ಎಂದು ನಮ್ಮ ಮೆಸೇಜು.

"'ನಂಗೇನು ತಲೆ ಕೆಟ್ಟಿಲ್ಲ ಸಿಸ್ಟರ್, ಅವಳಿಲ್ಲ ಅಂತ ಗೊತ್ತು. ಆದ್ರೆ ಬರ್ತೀವಿ ಅಂತ ನೀವು ಹೇಳಿದ್ಮೇಲೆ ಮಂಚ ಸರಿಮಾಡ್ದೆ ಇರೋದು ಎಂಗೆ' ಅಂದ್ಬುಟ್ರು ಕಣಮ್ಮ. ವಾರ ವಾರ ಕಾಯ್ಕೊಂಡು ಕೂತಿದ್ದಾರೆ. ಇವತ್ತು ಸಂಜೆ ಅದು ಹೋಗ್ಕೂಡ್ದು."

ಆ ಒಂದು ನಂಬರ್ ತೆಗೆದುಹಾಕುತ್ತೇನೆ ಎಂದೆ. ಸಿಸ್ಟರ್ ನನ್ನನ್ನು ದುರುಗುಟ್ಟಿ ನೋಡಿದರು.

"ಅವರೊಬ್ರದ್ದು ತೆಗೆದ್ರೆ ಆಯ್ತಾ? ಇನ್ನೂ ಯಾರ್ಯಾರ ಮನೆಗೆ ಹೋಗ್ತಿದೆಯೋ, ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ. ಮೆಸೇಜುಗಳನ್ನೇ ಪೂರ್ತಿ ನಿಲ್ಲಿಸೋಣವೆಂದರೆ, ಬದುಕಿರುವವರ ಮನೆಗಳಲ್ಲಿ ಅದನ್ನು ನೋಡಿಯೇ ಔಷಧಿ ಮುಗಿದಿದೆ ಎಂದು ತಿರುಗಿ ಫೋನ್ ಮಾಡುತ್ತಾರೆ. ನೋವಿನವರಿಗೆ ಒಂದು ದಿನ ಔಷಧಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಸಿಸ್ಟರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಮೊದಲು ಈ ಬಿಲ್ಡ್ ಸರಿಹೋಗಲಿ ಸಿಸ್ಟರ್, ಆಮೇಲೆ ಅದನ್ನು ಹುಡುಕುತ್ತೇನೆ" ಎಂದೆ. ಹಾಗೆ ಹೇಳಿದಾಗ ಅವೆರಡೂ ಬೇರೆ ಬೇರೆ ಕೆಲಸ ಎಂದೇ ನಂಬಿದ್ದೆ. ಅವರು ಎದ್ದು ಹೋಗಲಿಲ್ಲ. ಗೋಡೆಯ ಪಕ್ಕದ ಕುರ್ಚಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು.

ನಮ್ಮ ಆಫೀಸಿನಲ್ಲಿ ಇರುವುದು ನಾನು, ಇನ್ನೊಬ್ಬರು ಜೊತೆಗಾರರು. ಅವರು ಶಾಂತ ಮನುಷ್ಯರು, ನನ್ನ ಜೊತೆ ಕೆಲಸ ಮಾಡಲು ಅದು ಬೇಕೇ ಬೇಕು. ಕೆಂಪು ಸಾಲುಗಳಲ್ಲಿ ಬಹುಪಾಲು ಒಂದೇ ರಾಗದವು: ಎರಡೂ ಕಡೆ ಒಂದೇ ಹೆಸರಿನ ಟೈಪು, ಅಂದರೆ ಡಬ್ಬಿಯ ಮೇಲಿನ ಚೀಟಿ, ಆದರೆ ಇವೆರಡೂ ಬೇರೆ ಬೇರೆ, ಒಂದಕ್ಕೊಂದು ಸಂಬಂಧವಿಲ್ಲ ಎಂದು. ಓದಿ ನನಗೆ ಇನ್ನಷ್ಟು ಸಿಟ್ಟು ಬಂತು. ಜೊತೆಗಾರರು ಹೊರಗಿನಿಂದ ತಂದ ಕೋಡಿನ ಕಟ್ಟುಗಳಲ್ಲಿ, ಯಾವ ಪ್ಯಾಕೇಜು ಯಾವುದನ್ನು ಎಳೆದುಕೊಂಡು ಬಂದಿದೆ ಎಂದು ನೋಡುತ್ತಾ ಹೋದರು. ನಾವು ಬಳಸುತ್ತಿದ್ದ ಇನ್ನೊಂದು ಸಣ್ಣ ಪ್ಯಾಕೇಜು ಅದೇ ಲೈಬ್ರರಿಯ ಹಳೆಯ ಪ್ರತಿಯನ್ನು ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡಿತ್ತು. ಹೊಸದೊಂದು, ಹಳೆಯದೊಂದು, ಎರಡೂ ಒಟ್ಟಿಗೆ ಇದ್ದವು. ಆ ಸಣ್ಣ ಪ್ಯಾಕೇಜನ್ನೂ ಹೊಸದಕ್ಕೆ ಏರಿಸಿದೆವು, ಹಳೆಯ ಪ್ರತಿ ಹೋಯಿತು, ಕೆಂಪು ಸಾಲುಗಳಲ್ಲಿ ಹೆಚ್ಚಿನವು ಅದರೊಂದಿಗೇ ಹೋದವು. ಲೈಬ್ರರಿಯ ಒಂದು ಫಂಕ್ಷನ್ನಿನ ಹೆಸರು ಬದಲಾಗಿತ್ತು, ಅದನ್ನು ತಿದ್ದಿದೆ.

ಕೊನೆಗೆ ಉಳಿದವು ಕೆಲವೇ ಸಾಲುಗಳು. ಅವೆಲ್ಲ ಹೇಳುತ್ತಿದ್ದುದು ಒಂದೇ ಮಾತು: ಇಲ್ಲಿ ದಿನಾಂಕ ಇಲ್ಲದೆಯೂ ಇರಬಹುದು. ಇಂಥ ಖಾಲಿಯನ್ನು ನಾವು ನಲ್ ಎನ್ನುತ್ತೇವೆ. ಹಳೆಯ ಲೈಬ್ರರಿ 'ಮುಂದಿನ ಭೇಟಿ'ಯ ದಿನಾಂಕ ಯಾವಾಗಲೂ ಇದ್ದೇ ಇರುತ್ತದೆ ಎಂದು ಹೇಳುತ್ತಿತ್ತು. ಹೊಸದು ನಿಜ ಹೇಳುತ್ತಿತ್ತು, ಇರಬಹುದು ಅಥವಾ ನಲ್ ಇರಬಹುದು ಎಂದು.

ಹೊತ್ತು ಇಳಿಯುತ್ತಿತ್ತು. ಜೊತೆಗಾರರು ಮೆಲ್ಲಗೆ, "ಮೇಡಂ, ಸದ್ಯಕ್ಕೆ ಪಕ್ಕದಲ್ಲಿ ಒಂದೊಂದು ಆಶ್ಚರ್ಯಸೂಚಕ ಹಾಕ್ಬುಡೋಣ, ಬಾಯಿ ಮುಚ್ಕೊಳತ್ತೆ. ಬಿಲ್ಡ್ ಆಗ್ಬುಡತ್ತೆ. ಆಮೇಲೆ ಸಿಸ್ಟರ್ ಹೇಳಿದ್ದನ್ನು ನೋಡೋಣ" ಎಂದರು. ಆ ಚಿಹ್ನೆ ಹಾಕಿದರೆ, ಇದು ಖಾಲಿಯಿಲ್ಲ, ನನ್ನನ್ನು ನಂಬು ಎಂದು, ಈ ಕೆಂಪು ಸಾಲು ಎಳೆಯುವ ಕಂಪೈಲರಿಗೆ ಮಾತು ಕೊಟ್ಟ ಹಾಗೆ. ಎಲ್ಲರೂ ಹಾಕುತ್ತಾರೆ. ನಾನೂ ಹಾಕಲು ಹೊರಟೆ. ಮೊದಲನೆಯದಕ್ಕೆ ಹಾಕಿಯೂ ಬಿಟ್ಟೆ. ಎರಡನೆಯ ಸಾಲು ಇದ್ದದ್ದು ಸೋಮವಾರದ ಮೆಸೇಜು ಕಳಿಸುವ ಫೈಲಿನಲ್ಲಿ.

ಮುಂದಿನ ಭೇಟಿಯ ದಿನಾಂಕ ಇವತ್ತಿಗಿಂತ ಹಿಂದಿನದಾಗಿದ್ದರೆ 'ದಿನ ಕಳೆದಿದೆ' ಎಂದು ಕಳಿಸು. ಇಷ್ಟೇ ಆ ಸಾಲು.

ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು.

"ಸಿಸ್ಟರ್," ಎಂದು ಕರೆದೆ, "ಒಬ್ಬರು ತೀರಿಕೊಂಡಾಗ ಆ್ಯಪಿನಲ್ಲಿ ನೀವು ಏನು ಮಾಡ್ತೀರಿ?"

"ತೀರಿಕೊಂಡರು ಅಂತ ಒತ್ತುತೀನಿ. ಮುಂದಿನ ಭೇಟಿ ಅನ್ನೋ ಜಾಗ ತಾನಾಗೇ ಖಾಲಿ ಆಗತ್ತೆ. ನೀವೇ ಹೇಳ್ಕೊಟ್ಟಿದ್ದಲ್ವಾ?"

ಹೌದು, ನಾವೇ ಹೇಳಿಕೊಟ್ಟದ್ದು. ದಿನಾಂಕ ಖಾಲಿಯಾದರೆ ಮೆಸೇಜು ನಿಲ್ಲುತ್ತದೆ ಎಂದುಕೊಂಡಿದ್ದೆವು. ಆದರೆ ಖಾಲಿಯನ್ನು ದಿನಾಂಕದೊಡನೆ ಹೋಲಿಸು ಎಂದರೆ, ಓಡುತ್ತಿರುವ ಪ್ರೋಗ್ರಾಮು ಬೇಸರಪಟ್ಟುಕೊಳ್ಳುವುದಿಲ್ಲ. ಅದನ್ನು ಸೊನ್ನೆ ಎಂದು ಎಣಿಸುತ್ತದೆ. ಅದರ ಲೆಕ್ಕದಲ್ಲಿ ಸೊನ್ನೆ ಎಂದರೆ 1970ರ ಮೊದಲ ದಿನ. ಆ ದಿನ ಯಾವತ್ತೂ ಇವತ್ತಿಗಿಂತ ಹಿಂದಿನದೇ. ಹಾಗಾಗಿ ತೀರಿಕೊಂಡ ಪ್ರತಿಯೊಬ್ಬರೂ ಭೇಟಿ ತಪ್ಪಿಹೋದವರು. ಪ್ರತಿ ಸೋಮವಾರ, ಅವರ ಪ್ರತಿ ಮನೆಗೂ ಮೆಸೇಜು. ಬೆಳಿಗ್ಗೆಯಿಂದ ನಾನು ಬೈಯುತ್ತಿದ್ದ ಕೆಂಪು ಸಾಲು, ಸಿಸ್ಟರ್ ಹುಡುಕಿಕೊಡಿ ಎಂದು ಬಂದಿದ್ದ ಜಾಗವನ್ನೇ ತೋರಿಸುತ್ತಿತ್ತು.

ಯಾರ್ಯಾರಿಗೆ ಹೋಗಿದೆ ಎಂದು ತೆಗೆದು ನೋಡಿದೆವು. ಸಿಸ್ಟರ್ ನನ್ನ ಕುರ್ಚಿಯ ಹಿಂದೆ ನಿಂತು ಹೆಸರುಗಳನ್ನು ಓದಿದರು. ಒಂದೊಂದು ಹೆಸರಿಗೂ ಅವರಿಗೆ ಮುಖ ಗೊತ್ತು. "ಅಶೋಕಪುರಂ ಅಜ್ಜಿ... ಅಯ್ಯೋ, ಈ ಮಗು..." ಎನ್ನುತ್ತಾ ಕನ್ನಡಕ ತೆಗೆದರು. ನಮ್ಮಲ್ಲಿಗೆ ಒಂದು ದೂರೂ ಬಂದಿರಲಿಲ್ಲ. ಸಾವಾದ ಮನೆಯವರು ಮೆಸೇಜು ಬಂತೆಂದು ಫೋನ್ ಮಾಡಿ ಜಗಳವಾಡಲು ಹೋಗುವುದಿಲ್ಲ, ನೋಡಿ ಸುಮ್ಮನಾಗುತ್ತಾರೆ. ನನಗೆ ಅಳು ಬಂತು, ಎಂದಿನಂತೆ ಅದು ಸಿಟ್ಟಾಗಿ ಹೊರಬಿತ್ತು. ಜೊತೆಗಾರರ ಮೇಲೆ ರೇಗಿದೆ. ಪಾಪ, ಅವರು ನಾನು ಹಾಕಿದ್ದ ಆಶ್ಚರ್ಯಸೂಚಕವನ್ನು ತಾವೇ ಅಳಿಸಿದರು.

ದಿನಾಂಕ ಇದ್ದರೆ ಹೋಲಿಸು ಎಂದು ತಿದ್ದುವುದು ಸುಲಭ. ಇಲ್ಲದಿದ್ದರೆ? ಅದಕ್ಕೂ ಏನಾದರೂ ಬರೆಯಬೇಕಲ್ಲ. "ಇಲ್ಲದಿದ್ರೆ ಸುಮ್ಮನೆ ಬಿಟ್ಟು ಮುಂದಕ್ಕೆ ಹೋಗಲಿ" ಎಂದೆ.

"ಬಿಟ್ಟುಬುಡೋದಾ?" ಎಂದರು ಸಿಸ್ಟರ್. "ಮನೆಗೆ ಮೆಸೇಜು ಬೇಡ. ಆ ಹೆಸರು ನನ್ನ ಫೋನಿಗೆ ಬರ್ಲಿ. ಒಂದ್ಸಲ ನಾವು ಹೋಗಿ ಬರ್ಬೇಕಾದ ಮನೆ ಅಂತ."

ಹಾಗೇ ಬರೆದೆವು. ಉಳಿದ ಸಾಲುಗಳಿಗೂ ಖಾಲಿಯಿದ್ದರೆ ಏನು ಎಂದು ಒಂದೊಂದನ್ನೇ ಸಿಸ್ಟರಿಗೆ ಕೇಳಿ ತಿದ್ದಿದೆವು. ಕೆಂಪು ಹೋಯಿತು, ಬಿಲ್ಡ್ ಆಯಿತು. ಪ್ರಯೋಗಕ್ಕೆಂದು ಸುಳ್ಳು ಹೆಸರುಗಳಿಗೆ ಓಡಿಸಿ ನೋಡಿ, ಆಮೇಲೆ ಸರ್ವರಿಗೆ ಏರಿಸಿದೆವು. ಸಂಜೆ ಮೆಸೇಜುಗಳು ಬದುಕಿರುವವರ ಮನೆಗಳಿಗೆ ಮಾತ್ರ ಹೋದವು. ಸಿಸ್ಟರ್ ಆಗ ನೀರು ಕೇಳಿ ಕುಡಿದರು.

ಮರುದಿನ ನಜರ್‌ಬಾದಿಗೆ ಅವರ ಜೊತೆ ನಾನೂ ಹೋದೆ. ಕ್ಷಮೆ ಕೇಳಬೇಕಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲು ತೆಗೆದೇ ಇತ್ತು. ನಡುಮನೆಯ ಮಂಚದ ಮೇಲೆ ಬಿಳಿ ಹೊದಿಕೆ ಹಾಸಿತ್ತು.

"ಮೆಸೇಜು ಬರ್ಲಿಲ್ಲ," ಎಂದರು ಯಜಮಾನರು, "ತಡವಾಗಿ ಬರಬೋದು ಅಂತ ಹಾಸಿದ್ದೆ."

ತಪ್ಪು ನಮ್ಮದು, ತಿದ್ದಿದ್ದೇವೆ, ಇನ್ನು ಮುಂದೆ ಅದು ಬರುವುದಿಲ್ಲ ಎಂದು ಹೇಳಿದೆ. ಅವರು ಫೋನನ್ನು ಕೈಯಲ್ಲಿ ತಿರುಗಿಸಿದರು.

"ತಪ್ಪಾದ್ರೆ ಆಗ್ಲಿ ಬುಡಮ್ಮ. ಅದ್ರಲ್ಲಿ ಅವಳ ಹೆಸರು ಬರ್ತಿತ್ತು. ಈಗ ಅವಳ ಹೆಸರು ಬರೆದು ಯಾರೂ ಏನೂ ಕಳಿಸೋಲ್ಲ."

ನಾವು ಮಾಡಿದ್ದು ಸರಿಯೇ ಎಂದು ನನಗೆ ಗೊತ್ತಿತ್ತು, ಆದರೂ ಅವರಿಂದ ಏನನ್ನೋ ಕಿತ್ತುಕೊಂಡ ಸಂಕಟವಾಯಿತು. ಸಿಸ್ಟರ್ ಮಾತ್ರ ಚೀಲದಿಂದ ಬಿ.ಪಿ. ನೋಡುವ ಪಟ್ಟಿ ತೆಗೆದು, "ತೋಳು ಕೊಡಿ ಯಜಮಾನ್ರೇ, ಇವತ್ತು ನಿಮ್ಮನ್ನ ನೋಡಕ್ಕೆ ಬಂದಿರೋದು" ಎಂದರು. ಅವರು ಮಗುವಿನಂತೆ ತೋಳು ಚಾಚಿದರು.

ಹೊರಡುವಾಗ ಅವರು ಎದ್ದು ಮಂಚದ ಮೇಲಿನ ಹೊದಿಕೆ ಎಳೆದರು. ಒಬ್ಬರೇ ಮಡಿಸಲು ಹೋಗಿ ಆಗದೆ, ನನ್ನ ಕಡೆ ನೋಡಿ ಹೇಳಿದರು:

"ಆ ಕಡೆ ತುದಿ ಸ್ವಲ್ಪ ಹಿಡ್ಕೊಳಮ್ಮ."

ಹಿಡಿದುಕೊಂಡೆ.