ಐದು ಸಾವಿರದ ಕೆಳಗೆ

ಅಡ್ಯಾರಿನ ಗೋದಾಬಾಯಿ ಹನ್ನೊಂದು ವರ್ಷದಿಂದ ಹೋಟೆಲುಗಳಿಗೆ ಸಾರಿನ ಪುಡಿ ಮಾಡಿಕೊಡುತ್ತಿದ್ದರು. ಹುರಿಯುವುದು, ಬೀಸುವುದು, ಕಟ್ಟುವುದು ಅವರೇ. ಹಣ ಬೀಳುತ್ತಿದ್ದದ್ದು ಗಂಡ ಪಂಢರಿನಾಥರ ಜೊತೆಗಿನ ಜಂಟಿ ಖಾತೆಗೆ. ಅದರಲ್ಲಿ ಪುಡಿ ಮಾಡುವ ಯಂತ್ರ ಕೊಳ್ಳಬೇಕೆಂದು ಗೋದಾಬಾಯಿ ಕೂಡಿಡುತ್ತಿದ್ದರು. ಬೆಲೆ ಹನ್ನೆರಡು ಸಾವಿರ.

ಬ್ಯಾಂಕಿನ ಎಸ್ಸೆಮ್ಮೆಸ್ ಮಾತ್ರ ಪಂಢರಿನಾಥರ ಮೊಬೈಲಿಗೆ. ಹಣ ಹಾಕಿದರೂ ತೆಗೆದರೂ ಒಂದು, ಬಾಕಿ ಐದು ಸಾವಿರಕ್ಕಿಂತ ಇಳಿದರೆ ಇನ್ನೊಂದು. ಆ ಮಿತಿ ಅವರೇ ಬರೆದುಕೊಟ್ಟದ್ದು. ಹೆಂಡತಿ ಎಣ್ಣೆಗೆಂದು ಇನ್ನೂರು ತೆಗೆದರೂ ಆಫೀಸಿನಿಂದ ಫೋನು ಬರುತ್ತಿತ್ತು: "ಏನು ತಗೊಂಡಿ?" ಇದಕ್ಕೆ ಅವರು ಆಡಳಿತ ಎನ್ನುತ್ತಿದ್ದರು.

೨೦೦೮ರ ಒಂದು ಭಾನುವಾರ ಬೆಳಿಗ್ಗೆ ಇಂಗ್ಲಿಷಿನಲ್ಲಿ ಮೆಸೇಜು ಬಂತು. ಬಾಕಿ ಸಾವಿರಕ್ಕಿಂತ ಇಳಿದಿದೆ, ಇವತ್ತೇ ಖಾತೆ ಮುಚ್ಚುತ್ತೇವೆ, ಈ ನಂಬರಿಗೆ ಫೋನು ಮಾಡಿ ಕಾರ್ಡಿನ ನಂಬರು, ಪಿನ್ ಹೇಳಿ. ಪಂಢರಿನಾಥರು ಅದನ್ನು, ಕಳಿಸಿದ ನಂಬರು ಸಮೇತ, ಅಡುಗೆಮನೆಗೆ ಕೇಳುವಂತೆ ಓದಿ ಹೇಳಿದರು.

"ಗೋದಾ, ಎಲ್ಲಾ ಖಾಲಿ ಮಾಡಿಟ್ಟಿದ್ದೀಯಲ್ಲೇ."

ಹೆಂಡತಿ ದುಂದುಗಾತಿ ಎಂದು ಹೇಳುವ ಮೆಸೇಜನ್ನು ಅವರು ಹೇಗೆ ಅನುಮಾನಿಸಿಯಾರು? ಮೊಬೈಲಿನಲ್ಲಿ ಕರೆ ದುಬಾರಿಯೆಂದು ಮನೆಯ ಫೋನಿನಿಂದ ತಿರುಗಿಸಿ, ಗಟ್ಟಿಯಾಗಿ ಕಾರ್ಡಿನ ನಂಬರು ಓದತೊಡಗಿದರು. ಅರ್ಧ ಓದುವಷ್ಟರಲ್ಲಿ ಅಡುಗೆಮನೆಯಿಂದ ಬಂದ ಖಾರದ ಕೈ ಫೋನಿನ ಗುಂಡಿ ಒತ್ತಿ ಕರೆ ಕತ್ತರಿಸಿತು.

"ಏನೇ ಇದು? ಬ್ಯಾಂಕಿನವ್ರು ಮಾತಾಡ್ತಿದ್ದಾರೆ."

"ಸಾವಿರಕ್ಕಿಳೀಬೇಕಾದ್ರೆ ಐದು ಸಾವಿರ ದಾಟಿಯೇ ಬರಬೇಕಲ್ಲರೀ. ಆ ಮೆಸೇಜು ಬಂತೇ?"

"ಇಲ್ಲ."

"ಗುರುವಾರ ನಾನು ನಾಲ್ಕು ಸಾವಿರ ಕಟ್ಟಿದ್ದು ಬಂದಿದೆ, ಬಾಕಿ ಹದಿನಾರು. ಆಮೇಲೆ ಯಾರಾದ್ರೂ ತೆಗೆದ ಮೆಸೇಜು?"

"ಇಲ್ಲ."

"ಗುರುವಾರದ ಮೆಸೇಜಲ್ಲಿ ಬ್ಯಾಂಕಿನ ಹೆಸರಿದೆ, ಖಾತೆಯ ಕೊನೇ ನಾಲ್ಕಂಕಿ ಇದೆ. ಇದು ಯಾರದೋ ಮೊಬೈಲಿಂದ ಬಂದಿದೆ. ಯಾವ ಬ್ಯಾಂಕು ಪಿನ್ ಕೇಳತ್ತೆ?"

"ನಿನಗಿದೆಲ್ಲ ಹೇಗೆ ಗೊತ್ತು?"

"ಮೂರು ವರ್ಷದಿಂದ ನಿಮ್ಮ ಫೋನು ಚಾರ್ಜಿಗೆ ಹಾಕೋದು ಯಾರು?"

ಕಾರ್ಡಿನ ಹಿಂದೆ ಅಚ್ಚಾಗಿದ್ದ ನಂಬರಿಗೆ ಗೋದಾಬಾಯಿಯೇ ಫೋನು ಮಾಡಿಸಿದರು. ಬಾಕಿ ಹದಿನಾರು ಸಾವಿರ, ಒಂದು ಕಾಸೂ ಅಲುಗಿರಲಿಲ್ಲ.

ಪಂಢರಿನಾಥರು ಪೇಪರು ಬಿಡಿಸಿ ಮುಖ ಮುಚ್ಚಿಕೊಂಡರು. "ಈ ಚಿಲ್ಲರೆ ಮೆಸೇಜೆಲ್ಲ ನೋಡ್ತಾ ಕೂರಕ್ಕೆ ನನಗೆಲ್ಲಿ ಪುರುಸೊತ್ತು? ನೀನೇ ನೋಡ್ಕೋ."

ಹೀಗೆ ಆಡಳಿತ ಒಂದೇ ಬೆಳಿಗ್ಗೆಯಲ್ಲಿ ಮನೆಗೆಲಸವಾಯಿತು. ಪಾತ್ರೆ, ಬಟ್ಟೆ, ಮೆಸೇಜು. ಇದೊಂದನ್ನು ಮಾತ್ರ ಗೋದಾಬಾಯಿ ಗೊಣಗದೆ ಒಪ್ಪಿಕೊಂಡು, ಸೋಮವಾರವೇ ಶಾಖೆಯಿಂದ ಅರ್ಜಿ ತಂದು, ಮಗಳು ಬಿಟ್ಟ ಹಳೆಯ ಮೊಬೈಲಿನ ನಂಬರು ಬರೆದು, ಗಂಡನ ಕಾಫಿಯ ಪಕ್ಕದಲ್ಲಿಟ್ಟರು. ಅವರು ಓದದೆ ಸಹಿ ಹಾಕಿದರು.

ಮುಂದಿನ ವಾರ ಯಂತ್ರದ ಚೆಕ್ಕು ಪಾಸಾಯಿತು. ಡಬ್ಬಗಳ ನಡುವೆ ಮೊಬೈಲು ಎರಡು ಸಲ ಸದ್ದು ಮಾಡಿತು: ಹನ್ನೆರಡು ಸಾವಿರ ಹೋಗಿದೆ, ಬಾಕಿ ಐದು ಸಾವಿರಕ್ಕಿಂತ ಕಡಿಮೆಯಾಗಿದೆ.

ಗೋದಾಬಾಯಿ ಎರಡನ್ನೂ ಓದಿ, ಕೊನೆಯ ನಾಲ್ಕಂಕಿ ಸರಿನೋಡಿ, ಹೊಸ ಯಂತ್ರಕ್ಕೆ ಮೆಣಸಿನಕಾಯಿ ಸುರಿದರು. ಏನು ತಗೊಂಡಿ ಎಂದು ಆ ದಿನ ಯಾರೂ ಕೇಳಲಿಲ್ಲ.